ಹಬ್ಬದ ಪಟ್ಟಿಗೊಂದು ಮಾರೋಲೆ

ನೂಲಹುಣ್ಣಿಮೆ ಕಳೆಯುತ್ತಲೇ ನಮ್ಮ ಸಿಂಧನೂರಿನ ಬಡಾವಣೆಯಲ್ಲಿ ಎರಡು ಸಂಗತಿಗಳು ತಪ್ಪದೆ ನಡೆಯುತ್ತವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿದು ಊರ ಸುತ್ತಣ ಗದ್ದೆಗಳು ಹಸುರೇರುತ್ತವೆ. ಉತ್ಸವ ಸಮಿತಿಯ ಕಾರ್ಯದರ್ಶಿಗಳಿಂದ ಅರವತ್ತನಾಲ್ಕು ಮನೆಗಳಿಗೂ ಗಣೇಶೋತ್ಸವದ ಹಣ ಕೇಳುವ ಓಲೆ ಬರುತ್ತದೆ. ಕಾರ್ಯದರ್ಶಿಗಳು ನಿವೃತ್ತ ಇಂಜಿನಿಯರು. ವಾಟ್ಸಾಪಿನಲ್ಲಿ ಹಾಕಿದ ಮಾತು ಶುಭೋದಯದ ಹೂಗಳ ನಡುವೆ ಮುಚ್ಚಿಹೋಗುವುದೆಂದು ಬಗೆದು, ಅವರು ಇಂದಿಗೂ ಇ-ಮೇಲಿನ ಮೂಲಕವೇ ವ್ಯವಹರಿಸುವವರು. ಈ ಸಲದ ಓಲೆಯಲ್ಲಿ ಮನೆಯೊಂದಕ್ಕೆ 1,500 ರೂಪಾಯಿಯೆಂದು ಸೂಚಿಸಿತ್ತು. ಉತ್ತರಿಸಲು ಒಂದು ವಾರದ ಗಡುವು.

ನಾನು ಕೊಡಬಹುದಾದುದು 600. ಇದರಲ್ಲಿ ಹೇಳಿಕೊಳ್ಳುವಂಥ ದುಃಖವೇನೂ ಇಲ್ಲ. ಕಷ್ಟವಿರುವುದು ಕೊಡುವುದರಲ್ಲಲ್ಲ, ಅದನ್ನು ಬರೆದು ತಿಳಿಸುವುದರಲ್ಲಿ. ಪೂರ್ತಿ ಕೊಡುವವನಿಗೆ ಮಾತೇ ಬೇಕಿಲ್ಲ; ಏನನ್ನೂ ಕೊಡದವನು ಮಾತಿಗೇ ಸಿಕ್ಕುವುದಿಲ್ಲ. ನಡುವೆ ನಿಂತವನೇ ಲೇಖನಿ ಹಿಡಿಯಬೇಕಾದವನು. ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಇದೊಂದು ಕಷ್ಟವೇ ಎಂದು ಓದುಗರು ಕೇಳಬಹುದು. ಎರಡು ವರ್ಷ ನಾನು ಬರೆದ ಮಾರೋಲೆಗಳು ಕೆಟ್ಟದ್ದು, ನಿಜ ಹೇಳಬೇಕೆಂದರೆ, ಆ ಎಂ.ಎ.ಯಿಂದಲೇ.

ಮೊದಲನೆಯ ವರ್ಷ ನಾನು ಹೀಗೆ ಬರೆದಿದ್ದೆ: ವಿಘ್ನನಾಶಕನ ಸೇವೆಯಲ್ಲಿ ನಮ್ಮ ಕುಟುಂಬವೂ ಯಥಾಶಕ್ತಿ ಭಾಗಿಯಾಗುವುದೆಂದು ತಿಳಿಸಲು ಹರ್ಷಿಸುತ್ತೇನೆ. ವಾಕ್ಯ ನನಗೆ ಹಿಡಿಸಿತ್ತು. ‘ಯಥಾಶಕ್ತಿ’ ಎಂಬ ಮಾತಿನಲ್ಲಿ ನನ್ನ ಅಶಕ್ತಿಯನ್ನು ಅಂದವಾಗಿ ಸೂಚಿಸಿದ್ದೇನೆಂದು ನಂಬಿದ್ದೆ. ಖಜಾಂಚಿಯವರು ಅದನ್ನು ಓದಿ, ನಮ್ಮ ಮನೆಯ ಎದುರಿಗೆ ಪೂರ್ತಿ ಮೊತ್ತವನ್ನೇ ಬರೆದುಕೊಂಡರು. ಅವರ ತಪ್ಪೇನು? ಹರ್ಷಿಸುತ್ತೇನೆಂದು ಬರೆದವನು ಕಡಿಮೆ ಕೊಡುವನೆಂದು ಯಾರು ತಾನೆ ಊಹಿಸಿಯಾರು? ಹಬ್ಬಕ್ಕೆ ಎರಡು ದಿನವಿರುವಾಗ ಅವರು ರಸೀದಿ ಪುಸ್ತಕದೊಡನೆ ಬಾಗಿಲಿಗೆ ಬಂದು ನಿಂತರು. ನಾನು ಒಳಗಿನಿಂದ ಐನೂರು ರೂಪಾಯಿ ತಂದೆ. ಅವರು ನೋಟನ್ನು ನೋಡಿದರು, ಪುಸ್ತಕವನ್ನು ನೋಡಿದರು, ಮತ್ತೆ ನನ್ನ ಮುಖ ನೋಡಿದರು. “ಇರಲಿ ಬಿಡ್ರಿ ಸರ, ಉಳಿದದ್ದು ಆಮೇಲೆ ಕೊಡೀರಂತ” ಎಂದು ಹೊರಟುಹೋದರು. ಆ ‘ಆಮೇಲೆ’ ಎಂಬುದು ಮುಂದಿನ ಯುಗಾದಿಯವರೆಗೂ ನಮ್ಮಿಬ್ಬರ ನಡುವೆ ನಿಂತಿತ್ತು. ದಾರಿಯಲ್ಲಿ ಅವರು ಎದುರಾದಾಗಲೆಲ್ಲ ನಾನು ಕೈಗಡಿಯಾರ ನೋಡಿಕೊಳ್ಳುವ ಅಭ್ಯಾಸ ಮಾಡಿಕೊಂಡೆ.

ಎರಡನೆಯ ವರ್ಷ ಬುದ್ಧಿ ಕಲಿತೆನೆಂದುಕೊಂಡು ಕಾರಣ ಬರೆದೆ. ಮನೆಯಲ್ಲಿ ಕಾಯಿಲೆ, ಔಷಧದ ಖರ್ಚು, ಆದುದರಿಂದ ಈ ಸಲ ಐನೂರು ಮಾತ್ರ ಎಂದು. ಕಾಯಿಲೆ ಪೂರ್ತಿ ಸುಳ್ಳಲ್ಲ; ಮಗುವಿಗೆ ನಾಲ್ಕು ದಿನ ನೆಗಡಿಯಾಗಿತ್ತು. ಅಂದು ರಾತ್ರಿ ಎಂಟು ಗಂಟೆಗೆ ಅದೇ ಖಜಾಂಚಿಯವರು, ಜೊತೆಗೆ ಅವರ ಮನೆಯವರು, ಒಂದು ಡಬ್ಬಿಯಲ್ಲಿ ಗಂಜಿ ಹಿಡಿದುಕೊಂಡು ಬಂದರು. ಹೊರಡುವಾಗ ಅವರು ನನ್ನನ್ನು ಅಂಗಳಕ್ಕೆ ಕರೆದು, “ನಿಮ್ಮ ಪಟ್ಟಿ ನಾ ತುಂಬತೀನಿ ಸರ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ” ಎಂದರು. ಅವರು ಗಂಜ್ ಬಜಾರಿನ ಹತ್ತಿರ ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟುಕೊಂಡವರು. ನನಗಿಂತ ಹೆಚ್ಚಿನ ಅನುಕೂಲಸ್ಥರೇನಲ್ಲ. ನೆಗಡಿ ವಾಸಿಯಾಗಿ ಕುಣಿಯುತ್ತಿದ್ದ ನನ್ನ ಮಗಳು ಪಡಸಾಲೆಯಲ್ಲಿ ಆ ಗಂಜಿಯನ್ನು ಬೆಲ್ಲ ಹಾಕಿಕೊಂಡು ಉಣ್ಣುತ್ತಿದ್ದಳು. ನನ್ನ ಹೆಂಡತಿ ಆ ರಾತ್ರಿ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ.

ಕಾರಣವೆಂಬುದು ಬಾಗಿಲಿದ್ದಂತೆ, ತೆರೆದರೆ ಯಾರಾದರೂ ಒಳಗೆ ಬರುವರು. ನಾನು ಕೊಟ್ಟ ಕಾರಣವನ್ನು ಅವರು ನಂಬಿದರು, ನಂಬಿದುದರಿಂದಲೇ ಪರಿಹಾರ ಹುಡುಕಿದರು. ನಿಜವಾದ ಕಾರಣ ಬೇರೆಯಿತ್ತು. ನಾನು ಅತಿಥಿ ಉಪನ್ಯಾಸಕ. ಹೆಸರೇ ಹೇಳುವಂತೆ ಕಾಲೇಜಿಗೆ ನಾನು ನೆಂಟ. ಪಾಠ ನಡೆಯುವ ತಿಂಗಳುಗಳಿಗೆ ಮಾತ್ರ ನನಗೆ ಗೌರವಧನ. ರಜೆಯ ತಿಂಗಳುಗಳಲ್ಲಿ ಹಿಂದಿನ ಉಳಿತಾಯದಿಂದ ಸಂಸಾರ ಸಾಗಬೇಕು. ಭಾದ್ರಪದದ ಹೊತ್ತಿಗೆ ಆ ಉಳಿತಾಯದ ತಳ ಕಾಣುತ್ತಿರುತ್ತದೆ. ಆದರೆ ಇದನ್ನೂ ಓಲೆಯಲ್ಲಿ ಬರೆಯಬೇಕಾದುದಿಲ್ಲವೆಂದು ನಾನು ತಿಳಿದದ್ದು ಮೂರನೆಯ ವರ್ಷ, ಸಮಿತಿಯವರು ಲೆಕ್ಕ ಬರೆಯಲು ನನ್ನನ್ನೇ ಕೂರಿಸಿಕೊಂಡಾಗ.

ಆ ಲೆಕ್ಕದ ಪುಸ್ತಕವನ್ನು ಓದುಗರ ಮುಂದೆ ತುಸು ಬಿಚ್ಚಿಡುತ್ತೇನೆ. ಕಡಿಮೆ ಕೊಡುವವನ ಉತ್ತರ ಸಮಿತಿಯ ಮೇಜಿನ ಮೇಲೆ ಏನಾಗುವುದೆಂಬುದು ಅದರಿಂದಲೇ ಗೊತ್ತಾಗುವುದು.

ಒಟ್ಟು ಅಂದಾಜು 96,000 ರೂಪಾಯಿ. ಅರವತ್ತನಾಲ್ಕು ಮನೆಗಳಿಗೆ ಹಂಚಿದರೆ ಮನೆಗೆ ಸರಿಯಾಗಿ 1,500. ಇದರಲ್ಲಿ ಮಣ್ಣಿನ ಮೂರ್ತಿಗೆ 12,000, ಪೆಂಡಾಲಿಗೆ 18,000, ದೀಪ ಮತ್ತು ಧ್ವನಿವರ್ಧಕಕ್ಕೆ 16,000. ಈ ಮೂರಕ್ಕೂ ಹಬ್ಬಕ್ಕೆ ಹತ್ತು ದಿನ ಮೊದಲೇ ಮುಂಗಡ ಕೊಟ್ಟು ಮಾತು ಮುಗಿಸಬೇಕು. ತಡವಾದರೆ ಮೂರ್ತಿ ಇನ್ನೊಂದು ಓಣಿಗೆ ಹೋಗುತ್ತದೆ, ಶಾಮಿಯಾನದವನು ಮತ್ತೊಬ್ಬರಿಗೆ ಮಾತು ಕೊಡುತ್ತಾನೆ. ಒಮ್ಮೆ ಮಾತು ಕೊಟ್ಟಮೇಲೆ ಈ 46,000ದಲ್ಲಿ ಒಂದು ಪೈಸೆಯನ್ನೂ ಇಳಿಸುವಂತಿಲ್ಲ. ನಿತ್ಯದ ಪೂಜೆ ಮತ್ತು ಪ್ರಸಾದಕ್ಕೆ 10,000. ಕಡೆಯ ದಿನದ ಅನ್ನಸಂತರ್ಪಣೆಗೆ 25,000, ವಿಸರ್ಜನೆಯ ಮೆರವಣಿಗೆ ಮತ್ತು ಡೊಳ್ಳಿನವರಿಗೆ 10,000, ಚಿಲ್ಲರೆಗೆ 5,000. ಹಿಗ್ಗಿಸಲು ಕುಗ್ಗಿಸಲು ಆಸ್ಪದವಿರುವುದು ಈ ಕೊನೆಯ ಬಾಬುಗಳಲ್ಲಿ ಮಾತ್ರ. ಹೋಳಿಗೆಯ ಬದಲು ಹುಗ್ಗಿ ಮಾಡಬಹುದು, ಡೊಳ್ಳಿನ ಎರಡು ತಂಡದ ಬದಲು ಒಂದನ್ನು ಕರೆಯಬಹುದು. ಆದರೆ ಕುಗ್ಗಿಸಬೇಕೆಂಬುದು ಮೊದಲೇ ತಿಳಿದಿರಬೇಕು. ಅಡುಗೆಯವರಿಗೆ ಹೇಳಿ, ಸಾಮಾನು ತಂದಮೇಲೆ ತಿಳಿದರೆ ಏನೂ ಆಗುವುದಿಲ್ಲ.

ಮುಂಗಡ ಕೊಡುವ ದಿನದ ಹೊತ್ತಿಗೆ ನಮಗೆ ಬಂದ ಉತ್ತರಗಳು ಹೀಗಿದ್ದವು. ಮೂವತ್ತನಾಲ್ಕು ಮನೆಯವರು ಪೂರ್ತಿ ಕೊಡುವೆವೆಂದರು, ಅದು 51,000. ಒಂಬತ್ತು ಮನೆಯವರು ಇಷ್ಟೇ ಕೊಡುವೆವೆಂದು ಸಣ್ಣ ಮೊತ್ತಗಳನ್ನು ಬರೆದು ತಿಳಿಸಿದ್ದರು. ಎಲ್ಲ ಕೂಡಿ 5,400. ಉಳಿದ ಇಪ್ಪತ್ತೊಂದು ಮನೆಗಳಲ್ಲಿ ಹತ್ತು ಮನೆಯವರು ಉತ್ತರಿಸಲೇ ಇಲ್ಲ, ಹನ್ನೊಂದು ಮನೆಯವರು ‘ನೋಡೋಣ’, ‘ಆಗಲಿ’, ‘ದೇವರ ಕೆಲಸ ಬಿಡಲಾದೀತೆ’ ಎಂಬಂತಹ ಮಾತುಗಳನ್ನು ಕಳುಹಿಸಿದ್ದರು. ಅವುಗಳನ್ನು ಓದುತ್ತ ನನ್ನ ‘ಯಥಾಶಕ್ತಿ’ ನೆನಪಾಗಿ ಕಿವಿ ಬಿಸಿಯಾಯಿತು.

ಸಮಿತಿಯವರು ಆಸೆಯ ಜನ. ಹಬ್ಬ ಮಾಡಬೇಕೆನ್ನುವವರು ಆಸೆ ಇಲ್ಲದೆ ಹೇಗೆ ಮಾಡಿಯಾರು? ಆ ಇಪ್ಪತ್ತೊಂದು ಮನೆಗಳನ್ನೂ ಪೂರ್ತಿಯೆಂದೇ ಹಿಡಿದರು, ಅದು 31,500. ಬಂದದ್ದು 14,000. ಒಟ್ಟು ಜಮೆ 70,400. ಕೊಂಚ ಕಡಿತ ಮಾಡಿಯೂ ಆದ ಖರ್ಚು 93,400. ಕೊರೆ ಬಿದ್ದ 23,000 ರೂಪಾಯಿಯನ್ನು ಸಮಿತಿಯ ನಾಲ್ವರು ಹಿರಿಯರು ತಲಾ 5,750ರಂತೆ ತುಂಬಿದರು. ಅವರಲ್ಲೊಬ್ಬರು ಗಂಜಿ ತಂದುಕೊಟ್ಟಿದ್ದ ಅದೇ ಖಜಾಂಚಿಯವರು. ಅವರ ಅಂಗಡಿಯಿಂದಲೇ ಬೇಳೆ ಬೆಲ್ಲಗಳು ಉದ್ರಿಯಾಗಿ ಬಂದಿದ್ದವು. ಉದ್ರಿಯ ಚೀಟಿಯನ್ನು ಅವರು ನನ್ನ ಕಣ್ಣೆದುರಿಗೇ ಹರಿದರು. ಹರಿಯುವಾಗ ನಕ್ಕರು, ಆ ನಗೆಯನ್ನು ನಾನು ಇಂದಿಗೂ ಮರೆತಿಲ್ಲ.

ಇಲ್ಲಿ ಗಮನಿಸಬೇಕಾದುದು ಆ ಒಂಬತ್ತು ಮನೆಗಳವರನ್ನು. ಅವರು ಸರಾಸರಿ ಆರುನೂರು ಕೊಟ್ಟವರು. ಅವರಿಂದ ಯಾರಿಗೂ ಒಂದು ರೂಪಾಯಿಯ ನಷ್ಟವೂ ಆಗಲಿಲ್ಲ. ಬಂದಷ್ಟನ್ನು ಬಂದಷ್ಟೆಂದೇ ಬರೆದುಕೊಂಡಿದ್ದೆವು. ನಷ್ಟವಾದದ್ದು ನಯವಾಗಿ ನುಣುಚಿಕೊಂಡವರಿಂದ. ಇನ್ನೊಂದು ಲೆಕ್ಕ ನೋಡಿ. ಆ ಇಪ್ಪತ್ತೊಂದು ಮನೆಯವರು ಮೊದಲೇ ‘ನಮ್ಮದು ಐನೂರು’ ಎಂದು ಖಚಿತವಾಗಿ ಹೇಳಿದ್ದರೆ 10,500 ಆಗುತ್ತಿತ್ತು. ಅವರು ಆಮೇಲೆ ಕೊಟ್ಟ 14,000ಕ್ಕಿಂತ ಅದು ಕಡಿಮೆಯೇ. ಆದರೂ ಸಮಿತಿಗೆ ಅದರಿಂದ ಹೆಚ್ಚು ಉಪಕಾರವಾಗುತ್ತಿತ್ತು. ಕೈಯಲ್ಲಿ 66,900 ಇದೆಯೆಂದು ಮುಂಗಡದ ದಿನವೇ ತಿಳಿದಿದ್ದರೆ ಪೆಂಡಾಲನ್ನು ಒಂದು ಅಂಕಣ ಚಿಕ್ಕದಾಗಿ ಹಾಕಿಸಿ, ಡೊಳ್ಳನ್ನು ಒಂದೇ ತಂಡಕ್ಕೆ ಇಳಿಸಿ, ಊಟಕ್ಕೆ ಅನ್ನ, ಸಾರು, ಹುಗ್ಗಿ ಇಷ್ಟನ್ನೇ ಇಟ್ಟುಕೊಂಡು, ಯಾರ ಚೀಟಿಯನ್ನೂ ಹರಿಯದೆ ಹಬ್ಬ ಮುಗಿಸಬಹುದಾಗಿತ್ತು. ಸಣ್ಣ ಮೊತ್ತ ಸಮಿತಿಗೆ ಭಾರವಲ್ಲ, ತಿಳಿಯದ ಮೊತ್ತ ಭಾರ. ಈ ಮಾತು ಪುಸ್ತಕ ಮುಂದಿಟ್ಟುಕೊಂಡು ಕೂತವನಿಗಲ್ಲದೆ ಹೊಳೆಯುವುದಿಲ್ಲ.

ಇಷ್ಟಾದರೂ ಜನ ಸಂಖ್ಯೆಯನ್ನು ಬರೆಯಲು ಏಕೆ ಅಳುಕುತ್ತಾರೆ? ನನ್ನ ಕಸುಬಿನ ಚಟದಿಂದ ನಾನು ಇದಕ್ಕೆ ಉತ್ತರವನ್ನು ಶಬ್ದಗಳಲ್ಲಿ ಹುಡುಕಿದೆ. ಈ ಹಣಕ್ಕೆ ನಮ್ಮಲ್ಲಿ ನಾಲ್ಕು ಹೆಸರುಗಳಿವೆ, ಒಂದೊಂದಕ್ಕೂ ಒಂದೊಂದು ಮುಖ. ನಮ್ಮ ಸೀಮೆಯ ಬಾಯಿಮಾತಿನಲ್ಲಿ ಇದು ‘ಪಟ್ಟಿ’. ಮನೆಪಟ್ಟಿ, ನೀರಪಟ್ಟಿಗಳ ಜೊತೆಗೆ ಹುಟ್ಟಿದ ಮಾತು. ಅದರಲ್ಲಿ ಕರದ ವಾಸನೆಯಿದೆ. ಪಟ್ಟಿಯೆಂದಮೇಲೆ ಕಡಿಮೆ ಕೊಟ್ಟವನು ಬಾಕಿದಾರ. ಹಳಗನ್ನಡದಿಂದ ಬಂದದ್ದು ‘ವಂತಿಗೆ’. ವಂತು ಎಂದರೆ ಪಾಲು, ಸರದಿ. ಎಲ್ಲರೂ ಕೂಡಿ ಮಾಡುವ ಕೆಲಸದಲ್ಲಿ ನನ್ನ ಪಾಲು. ‘ಚಂದಾ’ ಪಾರಸಿಯಿಂದ ಬಂದುದು. ಈ ವಾರಪತ್ರಿಕೆಗೆ ಓದುಗರು ಚಂದಾದಾರರಾಗಿರುವುದೂ ಅದರಿಂದಲೇ. ನಮ್ಮೂರ ಸುತ್ತಲಿನ ಪುನರ್ವಸತಿ ಕ್ಯಾಂಪುಗಳಲ್ಲಿ, ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿ ಕುಟುಂಬದವರು ದುರ್ಗಾಪೂಜೆಗೆ ಹಣ ಕೂಡಿಸುವಾಗಲೂ ಬಳಸುವುದು ಇದೇ ಶಬ್ದವನ್ನು, ತುಸು ಮೂಗಿನಲ್ಲಿ ನುಡಿದು. ಕಡೆಯದು ‘ದೇಣಿಗೆ’, ಮರಾಠಿಯ ನೆಂಟಸ್ತಿಕೆಯುಳ್ಳದ್ದು. ಅದು ಕೊಡುಗೆ, ಕೊಡುವವನ ಮನಸ್ಸಿಗೆ ಬಿಟ್ಟದ್ದು.

ನಮ್ಮ ಕಾರ್ಯದರ್ಶಿಗಳು ಓಲೆಯಲ್ಲಿ ‘ದೇಣಿಗೆ’ ಎಂದು ಬರೆದು, ಕೆಳಗೆ ಒಂದು ಸಂಖ್ಯೆಯನ್ನೂ ಬರೆಯುತ್ತಾರೆ. ಸಂಖ್ಯೆಯನ್ನು ಕಂಡ ಕೂಡಲೆ ಓದುವವನ ಮನಸ್ಸಿನಲ್ಲಿ ಅದು ‘ಪಟ್ಟಿ’ಯಾಗುತ್ತದೆ. ಅವನು ತಪ್ಪಿತಸ್ಥನಂತೆ ಕಾರಣ ಹುಡುಕತೊಡಗುತ್ತಾನೆ. ವಾಸ್ತವದಲ್ಲಿ ಅದು ವಂತಿಗೆ. ವಂತಿಗೆಯಲ್ಲಿ ಪಾಲುಗಳು ಸಮವಾಗಿರಬೇಕೆಂದು ಯಾವ ಕಾಲದಲ್ಲಿಯೂ ಇರಲಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ನೋಡಿದವರಿಗೆ ಇದು ತಿಳಿದ ಸಂಗತಿ. ದೇವರ ನಂದಾದೀಪಕ್ಕೆ ಗಾಣದವರು ಗಾಣವೊಂದಕ್ಕೆ ಒಂದು ಸೊಲಗೆಯಂತೆ ಎಣ್ಣೆ ಬಿಡುವರು. ವ್ಯಾಪಾರಿಗಳು ಹೇರಿಗೆ ಇಷ್ಟೆಂದು ಕೊಡುವರು. ಎಲೆಯವರು ಎಲೆಯನ್ನು, ಒಕ್ಕಲುಗಳು ಕಾಳನ್ನು. ಎರಡು ಗಾಣವಿದ್ದವನದು ಎರಡು ಸೊಲಗೆ, ಒಂದೇ ಇದ್ದವನದು ಒಂದು. ಒಂದು ಸೊಲಗೆಯವನು ಕ್ಷಮೆ ಕೇಳಿದನೆಂದು ಯಾವ ಕಲ್ಲಿನ ಮೇಲೂ ಬರೆದಿಲ್ಲ. ಅವನ ಸೊಲಗೆಯನ್ನು ಮಾತ್ರ ಬರೆದಿದೆ, ಅಳತೆಯ ಸಮೇತ.

ಮನೆಗಿಷ್ಟೆಂದು ಸಮನಾಗಿ ಹಂಚುವ ಪದ್ಧತಿ ಈಚಿನದು, ಬಡಾವಣೆಯ ಬದುಕಿಗೆ ತಕ್ಕದ್ದು. 1893ರಲ್ಲಿ ಪುಣೆಯಲ್ಲಿ ಲೋಕಮಾನ್ಯ ತಿಲಕರು ಗಣಪತಿಯ ಹಬ್ಬವನ್ನು ಸಾರ್ವಜನಿಕ ಉತ್ಸವವಾಗಿ ಬೆಳೆಸಿದ ಮೇಲೆ, ಮನೆಯ ಜಗಲಿಯ ಮೇಲೆ ಕೂತು ಮನೆಯ ಕಡುಬನ್ನೇ ಉಣ್ಣುತ್ತಿದ್ದ ದೇವರು ಬೀದಿಗೆ ಬಂದನು. ಬೀದಿಗೆ ಬಂದವನ ಖರ್ಚು ಬೀದಿಯದೇ ಆಯಿತು. ಹಂಚಿಕೆಯ ಲೆಕ್ಕ ಸುಲಭವಾಗಲೆಂದು ಮನೆಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಅದು ಗಣಿತದ ಅನುಕೂಲವೇ ಹೊರತು ಧರ್ಮಶಾಸ್ತ್ರದ ವಿಧಿಯಲ್ಲ.

ಸಿಂಧನೂರಿನಂತಹ ಊರಿಗೆ ಈ ಸಮನಾದ ಭಾಗಾಕಾರ ಇನ್ನೂ ಸಲ್ಲದು. ನಮ್ಮದು ಭತ್ತದ ಊರು. ಭಾದ್ರಪದದ ಚೌತಿ ಬರುವುದು ನಾಟಿ ಮುಗಿದ ಹೊಸತರಲ್ಲಿ. ಬೀಜ, ಗೊಬ್ಬರ, ನಾಟಿಯ ಆಳುಗಳ ಕೂಲಿಯೆಂದು ರೈತನ ಹಣವೆಲ್ಲ ಆಗ ಕೆಸರಿನಲ್ಲಿರುತ್ತದೆ. ಅದು ಮರಳಿ ಕೈಗೆ ಬರುವುದು ಕಾರ್ತೀಕ ಮಾರ್ಗಶಿರಗಳ ಕೊಯ್ಲಿನ ಮೇಲೆ. ನಮ್ಮ ಬಡಾವಣೆಯಲ್ಲಿ ತಿಂಗಳ ಸಂಬಳದವರೂ ಇದ್ದಾರೆ, ಸುತ್ತಲಿನ ಹಳ್ಳಿ ಕ್ಯಾಂಪುಗಳಲ್ಲಿ ಹೊಲವಿಟ್ಟುಕೊಂಡು ಮಕ್ಕಳ ಓದಿಗಾಗಿ ಊರಲ್ಲಿ ಮನೆ ಮಾಡಿದವರೂ ಇದ್ದಾರೆ. ಒಬ್ಬನಿಗೆ ಒಂದನೆಯ ತಾರೀಖು, ಮತ್ತೊಬ್ಬನಿಗೆ ಸುಗ್ಗಿ. ಇಬ್ಬರಿಗೂ ಒಂದೇ ಓಲೆ. ಹೊಲವಿರುವ ನೆರೆಯವರೊಬ್ಬರು ಒಮ್ಮೆ ಬರೆದ ಉತ್ತರ ನನಗೆ ಬಹಳ ಹಿಡಿಸಿತು. ಈಗ 300 ರೂಪಾಯಿ ಮತ್ತು ಸಂತರ್ಪಣೆಗೆ ನಮ್ಮ ಹೊಲದ ಸೋನಾಮಸೂರಿ ಅಕ್ಕಿ 25 ಕಿಲೋ, ಹಬ್ಬದ ಮೂರನೆಯ ದಿನ ಬೆಳಗ್ಗೆ ಪೆಂಡಾಲಿಗೇ ತಂದುಕೊಡುವೆ ಎಂದಿದ್ದರು ಅವರು. ಇನ್ನೂರು ಇನ್ನೂರೈವತ್ತು ಜನರ ಊಟಕ್ಕೆ ಅಷ್ಟು ಅಕ್ಕಿ ಸಾಕು. ಸಮಿತಿ ಅಕ್ಕಿಯನ್ನು ಕೊಳ್ಳುವುದನ್ನೇ ಬಿಟ್ಟಿತು. ಇಲ್ಲಿ ತೂಕವೂ ದಿನವೂ ಸ್ಥಳವೂ ಇದ್ದುವೆಂಬುದನ್ನು ಮರೆಯಬಾರದು. ‘ಅಕ್ಕಿಗಿಕ್ಕಿ ಏನಾದರೂ ಕೊಡೋಣ’ ಎಂದಿದ್ದರೆ ಖಜಾಂಚಿಯವರು ಅಂಗಡಿಯಿಂದ ಅಕ್ಕಿ ತರಿಸುತ್ತಿದ್ದರು. ಆಮೇಲೆ ಇವರದೂ ಬಂದು ಎರಡೂ ಚೀಲಗಳು ಕಚೇರಿಯ ಮೂಲೆಯಲ್ಲಿ ನುಸಿ ಹಿಡಿಯುತ್ತಿದ್ದವು. ಅದೂ ಒಂದು ವರ್ಷ ಆಗಿಹೋಗಿದೆ.

ನಾನು 600 ಎಂಬ ಸಂಖ್ಯೆಗೆ ಬಂದದ್ದು ಹೇಗೆಂಬುದನ್ನೂ ಹೇಳಬೇಕು. ಈ ಲೆಕ್ಕ ನನ್ನ ಹೆಂಡತಿಯದು. ವರ್ಷದಲ್ಲಿ ನಮ್ಮ ಬಾಗಿಲಿಗೆ ಆರು ರಸೀದಿ ಪುಸ್ತಕಗಳು ಬರುತ್ತವೆ: ಗಣಪತಿ, ದಸರೆ, ರಾಜ್ಯೋತ್ಸವ, ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಯ ದಾಸೋಹ, ರಾಮನವಮಿ, ಮತ್ತು ಪೀರಲ ಹಬ್ಬ. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಮೊಹರಮ್ಮಿಗೆ ಸೇರುವ ಜನಸ್ತೋಮವನ್ನು ನೋಡಿದವರಿಗೆ, ನಮ್ಮ ಸೀಮೆಯಲ್ಲಿ ಆ ಹಬ್ಬದ ಪಟ್ಟಿ ಎಲ್ಲ ಮನೆಗಳಿಗೂ ಏಕೆ ಬರುತ್ತದೆಂಬುದನ್ನು ವಿವರಿಸಬೇಕಿಲ್ಲ. ತಿಂಗಳಿಗೆ 300 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 3,600. ಆರರಿಂದ ಭಾಗಿಸಿದರೆ ಆರುನೂರು. “ಯಾವ ದೇವರಿಗೂ ಹೆಚ್ಚು ಕಡಿಮಿ ಮಾಡೂದು ಬ್ಯಾಡ್ರಿ. ಇಷ್ಟೇ ಅಂತ ಸೀದಾ ಬರೀರಿ” ಎಂದಳು ಅವಳು. ಸೀದಾ ಎಂಬ ಮಾತನ್ನು ಒತ್ತಿ ಹೇಳಿದಳು. ಗಂಜಿಯ ಡಬ್ಬಿಯನ್ನು ಅವಳಿನ್ನೂ ಮರೆತಿರಲಿಲ್ಲ.

ಬರೆದೆ. ಓಲೆ ಇಂತಿತ್ತು:

“ಮಾನ್ಯ ಕಾರ್ಯದರ್ಶಿಗಳಿಗೆ, ನಮಸ್ಕಾರಗಳು. ಗಣೇಶೋತ್ಸವದ ವಿಷಯವಾಗಿ ತಾವು ಕಳುಹಿಸಿದ ಓಲೆ ಖರ್ಚಿನ ವಿವರದೊಡನೆ ತಲುಪಿತು. ನಮ್ಮ ಮನೆಯಿಂದ ಈ ವರ್ಷ 600 ರೂಪಾಯಿ ಕೊಡುತ್ತೇವೆ. ತಾವು ಸೂಚಿಸಿದ 1,500ಕ್ಕಿಂತ ಇದು ಕಡಿಮೆಯೆಂಬುದನ್ನು ಬಲ್ಲೆವು. ಹಬ್ಬಗಳಿಗೆಂದು ನಾವು ವರ್ಷಕ್ಕೆ ತೆಗೆದಿಡುವ ಹಣದಲ್ಲಿ ಈ ಹಬ್ಬದ ಪಾಲು ಇಷ್ಟು. ಹಣವನ್ನು ಇಂದೇ ಖಜಾಂಚಿಯವರ ಖಾತೆಗೆ ಕಳುಹಿಸಿದ್ದೇನೆ, ದಯವಿಟ್ಟು ರಸೀದಿಯನ್ನು ಇಷ್ಟಕ್ಕೇ ಬರೆಯಿಸಬೇಕು. ಇದಕ್ಕೆ ಮೇಲೆ ನಮ್ಮಿಂದ ಬರುವುದೆಂದು ಲೆಕ್ಕ ಹಿಡಿಯಬಾರದಾಗಿ ವಿನಂತಿ. ಪೆಂಡಾಲಿನ ಕಂಬ ನೆಡುವ ದಿನ ತಿಳಿಸಿದರೆ ಬರುತ್ತೇನೆ. ತಮ್ಮ ವಿಶ್ವಾಸಿ.”

ಇದರಲ್ಲಿ ಸಾಹಿತ್ಯವೇನೂ ಇಲ್ಲವೆಂಬುದನ್ನು ಒಪ್ಪುತ್ತೇನೆ. ಆದರೂ ಒಂದೊಂದು ವಾಕ್ಯಕ್ಕೂ ಹಿಂದಿನ ವರ್ಷಗಳ ಒಂದೊಂದು ಪೆಟ್ಟು ಇದೆ. ಸಂಖ್ಯೆ ಎರಡನೆಯ ವಾಕ್ಯದಲ್ಲಿಯೇ ಬಂದಿದೆ. ಖಜಾಂಚಿಯವರು ಅರವತ್ತನಾಲ್ಕು ಓಲೆಗಳನ್ನು ಓದಬೇಕಾದವರು. ಅವರ ಕಣ್ಣು ಹುಡುಕುವುದು ಅಂಕಿಯನ್ನು. ‘ಕೊಡುತ್ತೇವೆ’ ಎಂದಿದೆ, ‘ಕೊಡಬಹುದು’ ಎಂದಿಲ್ಲ. ‘ಮಾತ್ರ’ ಎಂಬ ಪದವನ್ನು ಬರೆದು ಹೊಡೆದುಹಾಕಿದೆ. ಅದು ಇದ್ದರೆ ಓದುವವರು ಸಮಾಧಾನ ಹೇಳಬೇಕಾಗುತ್ತದೆ, ಇಲ್ಲವೆ ಒತ್ತಾಯ ಮಾಡಬೇಕಾಗುತ್ತದೆ. ಕೇಳಿದ ಮೊತ್ತವನ್ನು ನಾನೇ ಹೆಸರಿಸಿದ್ದರಿಂದ, ಓಲೆಯನ್ನು ಸರಿಯಾಗಿ ಓದಲಿಲ್ಲವೇನೋ ಎಂದು ಅವರು ಮತ್ತೆ ನೆನಪಿಸಬೇಕಾಗಿಲ್ಲ. ಕಾರಣ ಒಂದೇ, ಅದೂ ನಿಜವಾದದ್ದು, ಮತ್ತು ಅದಕ್ಕೆ ಹೊರಗಿನವರು ಪರಿಹಾರ ಹುಡುಕುವಂತಿಲ್ಲ. ತೆಗೆದಿಟ್ಟ ಪಾಲಿಗೆ ಯಾರು ಗಂಜಿ ತಂದಾರು? ಸಂಬಳದ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಸಂಬಳ ಬಂದ ತಿಂಗಳು ಉಳಿದ ಒಂಬೈನೂರಕ್ಕೆ ಬಾಧ್ಯನಾಗುತ್ತಿದ್ದೆ.

ಆ ‘ಲೆಕ್ಕ ಹಿಡಿಯಬಾರದಾಗಿ’ ಎಂಬ ವಾಕ್ಯ ಒರಟೆಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಹರಿದ ಉದ್ರಿ ಚೀಟಿಯನ್ನು ಕಂಡವನಿಗೆ ಅದರಷ್ಟು ಸೌಜನ್ಯದ ವಾಕ್ಯ ಇನ್ನೊಂದಿಲ್ಲ.

ಕಳುಹಿಸುವ ರೀತಿಯಲ್ಲಿಯೂ ಎರಡು ಎಡವುಗಲ್ಲುಗಳಿವೆ. ಮೊದಲನೆಯದು, ಅರವತ್ತನಾಲ್ಕು ಮನೆಗಳಿಗೆ ಒಟ್ಟಿಗೆ ಬಂದ ಓಲೆಗೆ ಉತ್ತರಿಸುವಾಗ ‘ಎಲ್ಲರಿಗೂ ಉತ್ತರ’ ಎಂಬ ಗುಂಡಿಯನ್ನು ಒತ್ತಿಬಿಡುವುದು. ಒಂದು ವರ್ಷ ಯಾರೋ ಒತ್ತಿದರು. ಅವರ 400 ರೂಪಾಯಿಯ ಸಭ್ಯವಾದ ಉತ್ತರ ಎಲ್ಲರ ಮನೆಗೂ ಹೋಯಿತು. ಪೂರ್ತಿ ಕೊಡುವೆವೆಂದಿದ್ದ ಕೆಲವರು ಅದನ್ನು ಕಂಡು ತಾವೂ ಇಳಿಸಿಕೊಂಡರು. ಇನ್ನು ಕೆಲವರು ಅವರನ್ನು ಜಿಪುಣರೆಂದು ಆಡಿಕೊಂಡರು. ಅವರು ಜಿಪುಣರಾಗಿರಲಿಲ್ಲ, ಬೆರಳು ತಪ್ಪಿದವರು ಅಷ್ಟೆ. ಕಳುಹಿಸುವ ಮೊದಲು ಮೇಲಿನ ಸಾಲಿನಲ್ಲಿ ಒಂದೇ ವಿಳಾಸವಿದೆಯೇ ಎಂದು ನೋಡಿಕೊಂಡರೆ ಈ ಅನಾಹುತವಿಲ್ಲ. ಎರಡನೆಯದು, ಹಣವನ್ನು ಫೋನಿನಿಂದ ಕಳುಹಿಸುವಾಗ ಟಿಪ್ಪಣಿಯ ಜಾಗವನ್ನು ಬರಿದು ಬಿಡುವುದು. ಬಡಾವಣೆಯ ನೀರು, ಬೀದಿದೀಪ, ಕಾವಲುಗಾರನ ಬಾಬಿನ ಹಣವೂ ಅದೇ ಖಾತೆಗೆ ಹೋಗುತ್ತದೆ. ಅದು ಕೊಡಲೇಬೇಕಾದ ಹಣ, ಇದು ಹಾಗಲ್ಲ. ಟಿಪ್ಪಣಿಯಿಲ್ಲದ ನನ್ನ ಐನೂರು ಒಮ್ಮೆ ನೀರಿನ ಬಾಕಿಗೆ ಜಮೆಯಾಗಿ, ಗಣಪತಿಯ ಪುಸ್ತಕದಲ್ಲಿ ನನ್ನ ಮನೆಯೆದುರು ಸೊನ್ನೆ ಉಳಿದಿತ್ತು. ‘ಗಣೇಶೋತ್ಸವ’ ಎಂಬ ಒಂದು ಪದ ಮತ್ತು ಮನೆಯ ಸಂಖ್ಯೆ, ಇಷ್ಟನ್ನು ಬರೆಯಲು ಅರ್ಧ ನಿಮಿಷ ಸಾಕು.

ಒಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಎಲ್ಲರೂ ಹೀಗೆ ಆರುನೂರು ಬರೆದರೆ ಹಬ್ಬ ನಡೆಯುವುದು ಹೇಗೆ ಎಂದು ಅದೇ ಸಹೋದ್ಯೋಗಿ ಕೇಳಿದರು. ಅರವತ್ತನಾಲ್ಕು ಆರುನೂರುಗಳೆಂದರೆ 38,400. ಅದರಲ್ಲಿ ಮಣ್ಣಿನ ಮೂರ್ತಿ ಬರುತ್ತದೆ, ನಿತ್ಯದ ಪೂಜೆ ನಡೆಯುತ್ತದೆ, ಸಣ್ಣ ಚಪ್ಪರವೊಂದಾಗುತ್ತದೆ. ಧ್ವನಿವರ್ಧಕವೂ ಡೊಳ್ಳೂ ಬರಲಾರವು. ಊಟ ಮನೆಮನೆಯಿಂದ ಬರಬೇಕು. ಅದು ಬೇರೆಯದೇ ಹಬ್ಬ. ಕೆಲವರಿಗೆ ಬೇಕಾದೀತು, ಮಕ್ಕಳಿಗಂತೂ ಬೇಡವಾದೀತು. ಪೂರ್ತಿ ಕೊಡುವ ಮೂವತ್ತನಾಲ್ಕು ಮನೆಗಳಿಂದಲೇ ನನ್ನ ಮಗಳು ಡೊಳ್ಳು ಕೇಳುತ್ತಾಳೆಂಬುದು ನಿಜ. ಆ ಋಣವನ್ನು ನಾನು ತೀರಿಸುವುದು ಲೆಕ್ಕ ಬರೆಯುವ ಐದು ಸಂಜೆಗಳಲ್ಲಿ. ಅದು ಸರಿಸಮವಾಗುವುದೇ ಎಂದು ಕೇಳಿದರೆ, ಬಹುಶಃ ಆಗಲಾರದು.

ನಮ್ಮೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಅಶೋಕನ ಶಾಸನ ಅಲ್ಲಿನ ಬೆಟ್ಟದಲ್ಲಿದೆ. ಆ ದೊರೆಯ ಹೆಸರನ್ನೇ ಎತ್ತಿ ಹೇಳುವ ಶಾಸನವೆಂದು ಎಲ್ಲರೂ ಓದಿರುತ್ತಾರೆ. ಅದರ ಉಳಿದ ಮಾತನ್ನು ನೆನೆಯುವವರು ಕಡಿಮೆ. ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಆ ಫಲ ಸಾಧ್ಯ, ದೊಡ್ಡವರಿಗಷ್ಟೇ ಅದೆಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬ ಭಾವ ಅಲ್ಲಿದೆ. ಪಾಠದ ನೆವದಲ್ಲಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ನಾನು ರಸೀದಿ ಪುಸ್ತಕವನ್ನು ನೆನೆದು ನಕ್ಕದ್ದುಂಟು.

ಓಲೆ ಕಳುಹಿಸಿದ ಅರ್ಧ ಗಂಟೆಯಲ್ಲಿ ಕಾರ್ಯದರ್ಶಿಗಳ ಉತ್ತರ ಬಂದಿತು. ಇಂಜಿನಿಯರರ ಉತ್ತರ, ಎರಡೇ ಸಾಲು. “ರೂ. 600 ಜಮಾ ಆಗಿದೆ, ರಸೀದಿ ಲಗತ್ತಿಸಿದೆ. ಕಂಬ ಶುಕ್ರವಾರ ಸಂಜೆ ಐದಕ್ಕೆ. ಹಾರೆ ನಿಮ್ಮ ಮನೆಯಲ್ಲಿದ್ದರೆ ತನ್ನಿ.”

ಹಾರೆ ನಮ್ಮ ಮನೆಯಲ್ಲಿರಲಿಲ್ಲ. ಖಜಾಂಚಿಯವರಲ್ಲಿ ಕೇಳಿ ತಂದೆ.